ಚೀಕಲಪರ್ವಿ, 9-4-27: ಒಂದು ಹಿತ್ತಾಳೆ ನಾಮಫಲಕದ ಲೆಕ್ಕ

ನಮ್ಮ ಕಡೆ ಊರಿನ ಹೆಸರೇ ಮನೆತನದ ಹೆಸರಾಗೋದು ಹೊಸದೇನಲ್ಲ. ಊರು ಬಿಟ್ಟು ಬಂದ ಮೇಲೂ ಊರು ಹೆಸರಿನ ಹಿಂದೆ ಬರುತ್ತೆ, ಆಮೇಲೆ ಮನೆ ಮುಂದಿನ ಫಲಕದ ಮೇಲೆ ಕೂರುತ್ತೆ. ಈ ಲೇಖನಕ್ಕೆ ನಾನು ತಗೊಂಡಿರೋ ಹೆಸರು ಚೀಕಲಪರ್ವಿ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆ ಮೇಲಿರೋ ಊರು, ದಾಸಸಾಹಿತ್ಯ ಓದಿದವರಿಗೆ ವಿಜಯದಾಸರ ಊರು ಅಂತ ಗೊತ್ತಿರುತ್ತೆ. ಈ ಅಡ್ಡಹೆಸರಿನ ಒಂದು ಮನೆ ರಾಯಚೂರು ನಗರದಲ್ಲಿದೆ, ಬಾಗಿಲ ನಂಬರ್ 9-4-27 ಅಂತ ಅಂದುಕೊಳ್ಳೋಣ. ಮನೆಯೂ ನಂಬರೂ ಉದಾಹರಣೆಗೆ ಮಾತ್ರ. ಗೇಟಿನ ಕಂಬದ ಅಗಲ ಒಂದು ಅಡಿ, ಅಂದರೆ ಸುಮಾರು 305 ಮಿಮೀ. ಅದರ ಮೇಲೆ ಒಂದು ಹಿತ್ತಾಳೆ ಫಲಕ ಬೇಕು. ಅಕ್ಷರಗಳನ್ನು ಫೆರಿಕ್ ಕ್ಲೋರೈಡ್‌ನಲ್ಲಿ ಕೊರೆದು ಕಪ್ಪು ಬಣ್ಣ ತುಂಬಬೇಕು. ಪಿಸಿಬಿ ಮಾಡೋಕೆ ಲ್ಯಾಬ್‌ನಲ್ಲಿ ಬಳಸ್ತೀವಲ್ಲ, ಅದೇ ಕಂದು ದ್ರಾವಣ.

ಇಲ್ಲಿ ಪ್ರಶ್ನೆ ಒಂದೇ: ಅಕ್ಷರದ ಎತ್ತರ ಎಷ್ಟಿರಬೇಕು? "ನೋಡೋಕೆ ಚೆನ್ನಾಗಿರೋಷ್ಟು" ಅನ್ನೋ ಉತ್ತರ ಸಾಲದು. ಕೆಳಗಿನಿಂದ ಒಂದು ಮಿತಿ ಇದೆ, ಅದನ್ನು ಆ್ಯಸಿಡ್ ಹಾಕುತ್ತೆ. ಮೇಲಿನಿಂದ ಇನ್ನೊಂದು ಮಿತಿ ಇದೆ, ಅದನ್ನು ಕಂಬ ಹಾಕುತ್ತೆ. ಇವೆರಡರ ನಡುವೆ ಜಾಗ ಇದೆಯಾ ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ಡಿಸೈನ್ ಮಾಡಬೇಕು.

ಹೆಸರನ್ನು ಬಿಡಿಸಿ ನೋಡೋಣ

ಚೀಕಲಪರ್ವಿಯಲ್ಲಿ ಐದು ಅಕ್ಷರ: ಚೀ, ಕ, ಲ, ಪ, ರ್ವಿ. ಕೊರೆಯೋ ದೃಷ್ಟಿಯಿಂದ ಇದು ಪುಣ್ಯದ ಹೆಸರು, ಯಾಕಂದ್ರೆ ಸಾಲಿನ ಕೆಳಗೆ ಇಳಿಯೋ ಒತ್ತಕ್ಷರ ಒಂದೂ ಇಲ್ಲ. ಪಕ್ಕದ ಮಾನ್ವಿಯನ್ನೇ ತಗೊಳ್ಳಿ. ಅದರಲ್ಲಿ ನ ಕೆಳಗೆ ವ ಒತ್ತು ಬರುತ್ತೆ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಸುಮಾರು 60% ಅಳತೆ ಅಂತ ಹಿಡಿದರೂ ಅದರೊಳಗಿನ ಸಂದುಗಳೆಲ್ಲ ಅಷ್ಟೇ ಚಿಕ್ಕದಾಗುತ್ತವೆ. ಫಲಕದ ಎತ್ತರವೂ ಹೆಚ್ಚುತ್ತೆ. ಅಂದರೆ ಎರಡೇ ಅಕ್ಷರದ ಮಾನ್ವಿಯನ್ನು ಕೊರೆಯೋದು ಐದು ಅಕ್ಷರದ ಚೀಕಲಪರ್ವಿಗಿಂತ ಕಷ್ಟ.

ಹಾಗಂತ ಚೀಕಲಪರ್ವಿ ಪೂರ್ತಿ ಸುಲಭ ಅಲ್ಲ. ಕೊನೆಯಲ್ಲಿ ಅರ್ಕಾವತ್ತು ಇದೆ. ಉಚ್ಚಾರದಲ್ಲಿ ರ ಮೊದಲು ಬಂದರೂ ಬರವಣಿಗೆಯಲ್ಲಿ ವಿ ಆದ ಮೇಲೆ ಬಲಗಡೆ ಬರೋ ಆ ಸಣ್ಣ ಸುರುಳಿ. ಇಡೀ ಹೆಸರಿನಲ್ಲಿ ಅತಿ ಇಕ್ಕಟ್ಟಾದ ಜಾಗ ಅದರ ಒಳಗಿನ ಸಂದು. ಇನ್ನೊಂದು ಸೂಕ್ಷ್ಮ ಪ ಅಕ್ಷರದಲ್ಲಿದೆ. ಪ ಮತ್ತು ವ ನಡುವಿನ ವ್ಯತ್ಯಾಸ ಒಂದು ಜಾಗ ತೆರೆದಿದೆಯೋ ಮುಚ್ಚಿದೆಯೋ ಅನ್ನೋದು ಅಷ್ಟೇ. ಆ ಜಾಗ ಮುಚ್ಚಿಕೊಂಡರೆ ಪರ್ವಿ ಹೋಗಿ ವರ್ವಿ ಆಗುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಸಂದು ತುಂಬಿದರೂ ಆಕಾರ ನೋಡಿ ಊಹಿಸಬಹುದು. ನಮ್ಮಲ್ಲಿ ಸಂದೇ ಎಷ್ಟೋ ಸಲ ಅಕ್ಷರವನ್ನು ಹೇಳೋದು. ರ ಮತ್ತು ಠ ನಡುವೆ ಇರೋದು ಒಳಗಿನ ಒಂದು ಚುಕ್ಕೆ ಮಾತ್ರ.

ಇದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಅದನ್ನು ಪತ್ತೆ ಮಾಡಿದ್ದು ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ಅಶೋಕ ಅನ್ನೋ ಹೆಸರು ಕಲ್ಲಿನ ಮೇಲೆ ನೇರವಾಗಿ ಸಿಕ್ಕಿದ್ದು ಅಲ್ಲಿ. ಅಲ್ಲಿನ ಬ್ರಾಹ್ಮಿ ಅಕ್ಷರಗಳು ಹೆಚ್ಚಾಗಿ ಗೀಟುಗಳು, ಸರಳ ತಿರುವುಗಳು. ಉಳಿಗೆ ಒಗ್ಗೋ ಆಕಾರ. ಅದೇ ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿ ಕಾಲ ಕಳೆದಂತೆ ದುಂಡಾಯ್ತು, ತಾಳೆಗರಿ ಮೇಲೆ ಕಂಠದಿಂದ ಬರೆಯೋದೇ ಇದಕ್ಕೆ ಕಾರಣ ಅಂತ ಹೇಳ್ತಾರೆ. ಗರಿಗೆ ಒಗ್ಗಿದ ಈ ಸುರುಳಿಗಳನ್ನು ಈಗ ನಾವು ಲೋಹದಲ್ಲಿ ಆ್ಯಸಿಡ್‌ನಿಂದ ಕೊರೆಯಬೇಕು.

ದ್ರಾವಣ ಕೆಳಗೆ ಮಾತ್ರ ಹೋಗಲ್ಲ

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಎರಡನ್ನೂ ಫೆರಿಕ್ ಕ್ಲೋರೈಡ್ ಕರಗಿಸುತ್ತೆ:

Cu + 2FeCl₃ → CuCl₂ + 2FeCl₂
Zn + 2FeCl₃ → ZnCl₂ + 2FeCl₂

ಎಲ್ಲಿ ಕೊರೆಯಬಾರದೋ ಅಲ್ಲಿ ಟೋನರ್ ಮುಚ್ಚಿರುತ್ತೆ, ಅಕ್ಷರದ ಗೆರೆ ಮಾತ್ರ ಬಯಲಾಗಿರುತ್ತೆ. ತಟ್ಟೆಯಲ್ಲಿ ಮುಳುಗಿಸಿಟ್ಟಾಗ ಮೊದಲು ಗೆರೆ ಕೆಳಗೆ ಇಳಿಯುತ್ತೆ. ಇಳಿದ ಕೂಡಲೇ ಪಕ್ಕದ ಗೋಡೆ ಬಯಲಾಗುತ್ತೆ. ಆ ಗೋಡೆಗೆ ಟೋನರ್ ರಕ್ಷಣೆ ಇಲ್ಲ, ಹಾಗಾಗಿ ದ್ರಾವಣ ಪಕ್ಕಕ್ಕೂ ತಿನ್ನುತ್ತೆ, ಟೋನರ್‌ನ ಅಡಿಗೆ ನುಗ್ಗುತ್ತೆ. ಇದಕ್ಕೆ ಅಂಡರ್‌ಕಟ್ ಅಂತಾರೆ. ಸ್ಪ್ರೇ ಯಂತ್ರದಲ್ಲಿ ಇದು ಕಡಿಮೆ. ನಾವು ಮಾಡೋ ಹಾಗೆ ತಟ್ಟೆಯಲ್ಲಿ ಮುಳುಗಿಸಿದರೆ ಎಷ್ಟು ಆಳವೋ ಹೆಚ್ಚುಕಮ್ಮಿ ಅಷ್ಟೇ ಅಡ್ಡಕ್ಕೆ ಅಂತ ಹಿಡಿಯೋದು ಕ್ಷೇಮ.

ಬಣ್ಣ ನಿಲ್ಲಬೇಕಾದರೆ 0.3 ಮಿಮೀ ಆಳ ಬೇಕು ಅಂತ ಇಟ್ಟುಕೊಳ್ಳೋಣ. ಹಾಗಾದರೆ ಪ್ರತಿ ಗೆರೆ ಎಡಕ್ಕೆ 0.3, ಬಲಕ್ಕೆ 0.3 ದಪ್ಪ ಆಗುತ್ತೆ. ಎರಡು ಗೆರೆಗಳ ನಡುವಿನ ಸಂದು ಎರಡೂ ಕಡೆಯಿಂದ ತಿನ್ನಿಸಿಕೊಂಡು 0.6 ಮಿಮೀ ಕಿರಿದಾಗುತ್ತೆ. ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ, ಈ 0.6 ಬದಲಾಗಲ್ಲ. ದೊಡ್ಡ ಅಕ್ಷರಕ್ಕೆ ಇದು ಲೆಕ್ಕಕ್ಕಿಲ್ಲ. ಚಿಕ್ಕ ಅಕ್ಷರವನ್ನು ಇದೇ ನುಂಗಿಬಿಡುತ್ತೆ.

ಕೆಳಮಿತಿ, ಮೇಲ್ಮಿತಿ

ಅಕ್ಷರದ ಎತ್ತರವನ್ನು h ಅನ್ನೋಣ. ತಲೆಕಟ್ಟು ಸೇರಿ ಕ ಅಕ್ಷರದ ಎತ್ತರ. ನೀವು ಆರಿಸಿದ ಫಾಂಟ್‌ನಲ್ಲಿ ಹೆಸರನ್ನು ದೊಡ್ಡದಾಗಿ ಟೈಪ್ ಮಾಡಿ, ಅರ್ಕಾವತ್ತಿನ ಒಳಸಂದು ಎಷ್ಟಿದೆ ಅಂತ ಅಳೆಯಿರಿ. ಅದು h ನ 4% ಬಂತು ಅಂತ ಹಿಡಿಯೋಣ. ಕೊರೆದ ಮೇಲೆ ಆ ಸಂದಿನಲ್ಲಿ ಕನಿಷ್ಠ 0.8 ಮಿಮೀ ಹಿತ್ತಾಳೆ ಉಳಿಯಬೇಕು. ಅದಕ್ಕಿಂತ ಕಡಿಮೆ ಆದರೆ ಬಣ್ಣ ಉಜ್ಜುವಾಗ ಅಂಚು ಸವೆದು ಸಂದು ಕಾಣೆಯಾಗುತ್ತೆ. ಹಾಗಾದರೆ:

0.04h − 0.6 ≥ 0.8, ಅಂದರೆ h ≥ 35 ಮಿಮೀ

ಈಗ ಮೇಲ್ಮಿತಿ. ಐದು ಅಕ್ಷರಗಳ ಅಗಲ ಅಳೆದರೆ ಚೀ 1.6h, ಕ 1.0h, ಲ 1.1h, ಪ 1.0h, ರ್ವಿ 1.6h. ಒಟ್ಟು 6.3h. ನಡುವೆ ನಾಲ್ಕು ಅಂತರ, ಒಂದೊಂದು 0.1h. ಪೂರ್ತಿ ಹೆಸರು 6.7h. ಎರಡೂ ಬದಿಗೆ 25 ಮಿಮೀ ಅಂಚು ಬಿಡಬೇಕು, ಮೊಳೆ ತೂತು ಅಲ್ಲೇ ಬರೋದು. ಫಲಕ 300 ಮಿಮೀ ದಾಟಬಾರದು:

6.7h + 50 ≤ 300, ಅಂದರೆ h ≤ 37.3 ಮಿಮೀ

35ರಿಂದ 37ರವರೆಗೆ ಬರೀ ಎರಡು ಮಿಲಿಮೀಟರ್ ಜಾಗ. h = 36 ಇಟ್ಟರೆ ಹೆಸರು 241 ಮಿಮೀ, ಫಲಕ 291 ಮಿಮೀ. ಇದು ಎ4 ಹಾಳೆಯ 297 ಮಿಮೀ ಉದ್ದದೊಳಗೂ ಬರುತ್ತೆ, ಹಾಗಾಗಿ ಟೋನರ್ ಪ್ರಿಂಟ್ ಒಂದೇ ಹಾಳೆಯಲ್ಲಿ ಮುಗಿಯುತ್ತೆ. ಎರಡು ಹಾಳೆ ಜೋಡಿಸಿ ಇಸ್ತ್ರಿ ಹಾಕೋ ಪ್ರಸಂಗ ಬಂದರೆ ಜೋಡಿಕೆ ಗೆರೆಯಲ್ಲಿ ಟೋನರ್ ಸರಿಯಾಗಿ ಕೂರಲ್ಲ.

ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿ ಅಂದ್ರೆ ಈ ಕಿಟಕಿ ಮುಚ್ಚಿಹೋಗುತ್ತೆ. ಆಗ ಎರಡು ಸಾಲು ಮಾಡಬೇಕು, ಇಲ್ಲಾಂದ್ರೆ ಆಳ ಕಡಿಮೆ ಮಾಡಬೇಕು. ಆಳ 0.15 ಮಿಮೀ ಆದರೆ ಸಂದು ಕಿರಿದಾಗೋದು 0.3 ಮಾತ್ರ, ಕೆಳಮಿತಿ 27.5ಕ್ಕೆ ಇಳಿಯುತ್ತೆ. ಆದರೆ ಅಷ್ಟು ತೆಳ್ಳಗಿನ ಬಣ್ಣ ರಾಯಚೂರಿನ ಬಿಸಿಲಲ್ಲಿ ಬೇಗ ಎದ್ದುಬರುತ್ತೆ.

ಗೆರೆಯನ್ನು ಮೊದಲೇ ತೆಳ್ಳಗೆ ಮಾಡೋದು

ಆ್ಯಸಿಡ್ 0.3 ದಪ್ಪ ಮಾಡುತ್ತೆ ಅಂತ ಮೊದಲೇ ಗೊತ್ತಿದ್ದರೆ, ನಾವು 0.3 ತೆಳ್ಳಗೆ ಮಾಡಿ ಕೊಡಬಹುದಲ್ವಾ? ಕೊಡಬಹುದು. ಇಂಕ್‌ಸ್ಕೇಪ್‌ನಲ್ಲಿ ಮೊದಲು `Path > Object to Path`, ಆಮೇಲೆ `Path > Inset`. ಎಷ್ಟು ಒಳಗೆ ಸರಿಯಬೇಕು ಅನ್ನೋದನ್ನು `Edit > Preferences > Behavior > Steps` ನಲ್ಲಿ 0.3 mm ಅಂತ ಇಡಬೇಕು. 36 ಮಿಮೀ ಅಕ್ಷರದಲ್ಲಿ 1.44 ಇದ್ದ ಸಂದು ಪ್ರಿಂಟ್‌ನಲ್ಲಿ 2.04 ಆಗುತ್ತೆ, ಕೊರೆದ ಮೇಲೆ ಮತ್ತೆ 1.44ಕ್ಕೆ ಬಂದು ನಿಲ್ಲುತ್ತೆ.

ಇದರ ಬೆಲೆಯನ್ನು ಗೆರೆ ಕೊಡಬೇಕು. ದಪ್ಪ ತೆಳು ಎರಡೂ ಇರೋ ಅಲಂಕಾರದ ಫಾಂಟ್ ತಗೊಂಡ್ರೆ ಅದರ ತೆಳು ಗೆರೆ h ನ 3% ಇರಬಹುದು. 36ಕ್ಕೆ ಅದು 1.08 ಮಿಮೀ, 0.6 ಕಳೆದರೆ ಉಳಿಯೋದು 0.48. ಅಷ್ಟು ಕಿರಿದಾದ ಸೀಳಿನೊಳಗೆ ಹೊಸ ದ್ರಾವಣ ಸರಿಯಾಗಿ ಓಡಾಡಲ್ಲ, ಗೆರೆ ಅರ್ಧ ಆಳಕ್ಕೇ ನಿಂತುಬಿಡುತ್ತೆ. 20 ಮಿಮೀ ಅಕ್ಷರದಲ್ಲಂತೂ ಆ ಗೆರೆ 0.6 ಮಿಮೀ, ಕಳೆದರೆ ಸೊನ್ನೆ. ಪ್ರಿಂಟ್‌ನಲ್ಲೇ ಮಾಯ. ಅದಕ್ಕೇ ಈ ಕೆಲಸಕ್ಕೆ ಎಲ್ಲ ಕಡೆ ಒಂದೇ ದಪ್ಪದ ಗೆರೆ ಇರೋ ಫಾಂಟ್ ಬೇಕು. ಗೆರೆ 8% ಇದ್ದರೆ 36ಕ್ಕೆ 2.9 ಮಿಮೀ, ಒಳಗೆ ಸರಿಸಿದ ಮೇಲೆ 2.3. ಆರಾಮಾಗಿ ಕೊರೆಯುತ್ತೆ.

ಹೀಗೆ ಮಾಡಿದ ಮೇಲೆ ಆ್ಯಸಿಡ್‌ನ ಮಿತಿ 0.04h ≥ 0.8, ಅಂದರೆ 20 ಮಿಮೀಗೆ ಇಳಿಯಿತು. ಹಾಗಾದರೆ ಅಕ್ಷರ ಚಿಕ್ಕದು ಮಾಡಿ ಹಿತ್ತಾಳೆ ಉಳಿಸೋಣ ಅನಿಸುತ್ತೆ. ಬೇಡ. ಯಾಕಂದ್ರೆ ಈಗ ಮಿತಿ ಹಾಕೋದು ಕಣ್ಣು. ಸರಿಯಾದ ದೃಷ್ಟಿ ಇರೋ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಆರ್ಕ್‌ಮಿನಿಟ್. ಅಂದರೆ ಒಂದು ಸಂದು ತನ್ನ ಅಗಲದ 3438 ಪಟ್ಟು ದೂರದವರೆಗೆ ಮಾತ್ರ ಸಂದಾಗಿ ಕಾಣುತ್ತೆ. ಈ ಲೆಕ್ಕ ಹಾಕಿ ನೋಡಿ:

- 36 ಮಿಮೀ ಅಕ್ಷರ, ಗೆರೆ ತೆಳ್ಳಗೆ ಮಾಡದೆ: ಸಂದು 0.84 ಮಿಮೀ, ಸುಮಾರು 2.9 ಮೀಟರ್
- 36 ಮಿಮೀ ಅಕ್ಷರ, ತೆಳ್ಳಗೆ ಮಾಡಿ: ಸಂದು 1.44 ಮಿಮೀ, ಸುಮಾರು 5 ಮೀಟರ್
- 20 ಮಿಮೀ ಅಕ್ಷರ, ತೆಳ್ಳಗೆ ಮಾಡಿ: ಸಂದು 0.8 ಮಿಮೀ, ಸುಮಾರು 2.75 ಮೀಟರ್

ಒಂದೇ ಹಿತ್ತಾಳೆ, ಒಂದೇ ಅಕ್ಷರದ ಎತ್ತರ. ಎರಡು ಕ್ಲಿಕ್‌ನಿಂದ ಓದೋ ದೂರ ಮೂರು ಮೀಟರ್‌ನಿಂದ ಐದು ಮೀಟರ್ ಆಯ್ತು. ಬೀದಿಯ ಆ ಬದಿಯಲ್ಲಿ ನಿಂತವರಿಗೂ ಗೇಟಿನ ಹತ್ತಿರ ಬಂದು ಕತ್ತು ಚಾಚಬೇಕಾದವರಿಗೂ ಇರೋ ವ್ಯತ್ಯಾಸ ಇದು. ಹಾಗಾಗಿ 36 ಮಿಮೀ ಹಾಗೇ ಇರಲಿ, ಗೆರೆ ತೆಳ್ಳಗೆ ಮಾಡೋದನ್ನು ಬಿಡೋದು ಬೇಡ.

ಬಾಗಿಲ ನಂಬರ್

ನಂಬರನ್ನು ಕನ್ನಡ ಅಂಕಿಯಲ್ಲಿ ಹಾಕೋ ಆಸೆ ನಮ್ಮಂಥ ಕನ್ನಡ ಸಂಘದವರಿಗೆ ಇದ್ದೇ ಇರುತ್ತೆ. ಆದರೆ ಈ ಮನೆಯ ವಿಷಯದಲ್ಲಿ ಒಂದು ತಮಾಷೆ ಇದೆ. ನಂಬರ್ ಒಂಬತ್ತರಿಂದ ಶುರು, ಹೆಸರು ಅರ್ಕಾವತ್ತಿನಿಂದ ಮುಗಿಯುತ್ತೆ. ಕನ್ನಡದ ೯ ಮತ್ತು ಅರ್ಕಾವತ್ತು ಎರಡೂ ನೋಡೋಕೆ ಅಣ್ಣತಮ್ಮಂದಿರು. ಒಂದೇ ಸಾಲಿನಲ್ಲಿ ಹೆಸರಿನ ಪಕ್ಕ ೯-೪-೨೭ ಅಂತ ಹಾಕಿದರೆ ಎರಡು ಅರ್ಕಾವತ್ತು ನಿಂತಂತೆ ಕಾಣುತ್ತೆ. ಕನ್ನಡ ಅಂಕಿ ಬೇಕೇ ಬೇಕು ಅಂದರೆ ಕೆಳಗಿನ ಸಾಲಿನಲ್ಲಿ, ಬೇರೆ ಎತ್ತರದಲ್ಲಿ ಹಾಕಿ. ಊರಿಗೆ ಹೊಸಬರಾದ ಡೆಲಿವರಿಯವರಿಗೂ ಗೊತ್ತಾಗಬೇಕು ಅಂದರೆ 9-4-27 ಅಂತಲೇ ಇರಲಿ.

ಹೆಸರನ್ನು ಗೇಟಿನ ಹತ್ತಿರ ಬಂದವರು ಓದ್ತಾರೆ, ನಂಬರನ್ನು ಬೈಕ್ ಮೇಲೆ ಹೋಗ್ತಾ ಹುಡುಕ್ತಾರೆ. ಹಾಗಾಗಿ ನಂಬರ್ ದೊಡ್ಡದಿರಬೇಕು. 45 ಮಿಮೀ ಎತ್ತರದ ದಪ್ಪ ಅಂಕಿಗಳಲ್ಲಿ ಈ ನಂಬರ್ ಸುಮಾರು 166 ಮಿಮೀ ಅಗಲ ಆಗುತ್ತೆ, 291ರ ಫಲಕದಲ್ಲಿ ನಡುವೆ ಹಾಯಾಗಿ ಕೂರುತ್ತೆ. ಮೇಲೆ, ನಡುವೆ, ಕೆಳಗೆ ಜಾಗ ಬಿಟ್ಟು ಫಲಕದ ಎತ್ತರ 150 ಮಿಮೀ. ವಾರ್ಡ್‌ಗಳ ಮರುವಿಂಗಡಣೆ ಆದರೆ ನಂಬರ್ ಬದಲಾಗಬಹುದು, ಹೆಸರು ಬದಲಾಗಲ್ಲ. ಆ ಯೋಚನೆ ಇದ್ದರೆ ನಂಬರಿಗೆ ಪ್ರತ್ಯೇಕ ತುಂಡು ಮಾಡೋದು ಜಾಣತನ.

ಅಕ್ಷರ ಕೊರೆಯೋದಾ, ಸುತ್ತಲಿನ ಜಾಗ ಕೊರೆಯೋದಾ?

ಅಕ್ಷರ ಉಬ್ಬಿ ನಿಲ್ಲೋ ಫಲಕ ನೋಡೋಕೆ ಗಂಭೀರವಾಗಿರುತ್ತೆ. ಆದರೆ ಲೆಕ್ಕ ನೋಡಿ. ನಮ್ಮ ಫಲಕದಲ್ಲಿ ಅಕ್ಷರ, ಅಂಕಿಗಳ ಗೆರೆಗಳೆಲ್ಲ ಸೇರಿ ಸುಮಾರು 4800 ಚದರ ಮಿಮೀ. 0.3 ಆಳಕ್ಕೆ ಕರಗೋ ಹಿತ್ತಾಳೆ ಸುಮಾರು 12 ಗ್ರಾಂ. ಸುತ್ತಲಿನ ಜಾಗ ಕೊರೆದರೆ ಸುಮಾರು 99 ಗ್ರಾಂ. ಒಂದು ಗ್ರಾಂ ಲೋಹಕ್ಕೆ ಐದು ಗ್ರಾಂಗಿಂತ ಹೆಚ್ಚು ಫೆರಿಕ್ ಕ್ಲೋರೈಡ್ ಖರ್ಚು. ಅಂದರೆ ಮೊದಲನೆಯದಕ್ಕೆ 62 ಗ್ರಾಂ, ಎರಡನೆಯದಕ್ಕೆ ಅರ್ಧ ಕೆಜಿ. ಲ್ಯಾಬ್‌ನ ಸಣ್ಣ ತಟ್ಟೆಯಲ್ಲಿ ದ್ರಾವಣ ನಡುವೆಯೇ ಸುಸ್ತಾಗಿ ಹಿನ್ನೆಲೆ ಅಲೆಅಲೆಯಾಗಿ ಬರುತ್ತೆ. ಅದಕ್ಕೆ ನಾವು ಅಕ್ಷರವನ್ನೇ ಕೊರೆಯೋದು.

ಗ್ರಾನೈಟ್‌ನಲ್ಲಿ ಮಾಡಿಸೋರಿಗೆ ಒಂದು ಮಾತು. ಅಲ್ಲಿ ಅಂಡರ್‌ಕಟ್ ಇಲ್ಲ, ಆದರೆ ಎರಡು ಗೆರೆ ನಡುವಿನ ಗೋಡೆ ಕಲ್ಲಿನ ಹರಳಿಗಿಂತ ತೆಳ್ಳಗಾದರೆ ಹರಳೇ ಸಿಡಿದು ಹೋಗುತ್ತೆ. ಹರಳು ದೊಡ್ಡದಿರೋ ಕಲ್ಲಿನಲ್ಲಿ ಅರ್ಕಾವತ್ತಿನ ಸಂದು ಉಳಿಯಬೇಕಾದರೆ ಅಕ್ಷರ ಇನ್ನೂ ದೊಡ್ಡದಾಗಬೇಕು. ಲೆಕ್ಕದ ದಾರಿ ಮಾತ್ರ ಇದೇ.

ಮಾಡುವಾಗ ಕೈಕೊಡೋ ಜಾಗಗಳು

ಮೊದಲನೆಯದು ಫೈಲ್. ಕನ್ನಡ ಅಕ್ಷರ ಜೋಡಿಸೋಕೆ ಬರದ ಹಳೆ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ರ್ವಿ ಒಡೆದು ರ, ಹಲಂತ, ವ, ಗುಡಿಸು ಅಂತ ಬಿಡಿಬಿಡಿಯಾಗಿ ನಿಲ್ಲುತ್ತೆ. ನುಡಿ, ಬರಹದ ಹಳೆ ಫಾಂಟ್‌ನಲ್ಲಿ ಮಾಡಿದ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತೆ. `Object to Path` ಮಾಡಿಯೇ ಫೈಲ್ ಕೊಡಿ, ಆಗ ಅದು ಅಕ್ಷರ ಅಲ್ಲ, ಬರೀ ಆಕಾರ. ಟೋನರ್ ಪ್ರಿಂಟ್ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು ಅನ್ನೋದನ್ನೂ ಪ್ರಿಂಟ್ ಕೊಡೋ ಮುಂಚೆ ನೋಡಿ.

ಎರಡನೆಯದು 0.3 ಅನ್ನೋ ಸಂಖ್ಯೆ. ಅದು ನನ್ನ ಊಹೆ, ನಿಮ್ಮ ತಟ್ಟೆಯದು ಬೇರೆ ಇರಬಹುದು. ಅದಕ್ಕೆ ಅದೇ ಹಿತ್ತಾಳೆಯ ಸಣ್ಣ ತುಂಡಿನ ಮೇಲೆ 2 ಮಿಮೀ ಅಗಲದ ಒಂದು ಗೆರೆ, ಒಂದು ಪ, ಒಂದು ರ್ವಿ ಕೊರೆದು ನೋಡಿ. ಹತ್ತು ನಿಮಿಷಕ್ಕೆ ತೆಗೆದು ಡಯಲ್ ಗೇಜ್‌ನಲ್ಲಿ ಆಳ ಅಳೆಯಿರಿ. 0.05 ಬಂದಿದ್ದರೆ 0.3ಕ್ಕೆ ಸುಮಾರು ಒಂದು ಗಂಟೆ. ದ್ರಾವಣ ಹಳತಾದಂತೆ ವೇಗ ಇಳಿಯುತ್ತೆ, ಸ್ವಲ್ಪ ಹೆಚ್ಚೇ ಹಿಡಿಯಬಹುದು. ಪೂರ್ತಿ ಆಳ ಬಂದ ಮೇಲೆ 2 ಮಿಮೀ ಗೆರೆ 2.5 ಆಗಿದ್ದರೆ ನಿಮ್ಮ ಅಂಡರ್‌ಕಟ್ ಒಂದು ಬದಿಗೆ 0.25. `Inset` ಗೆ ಹಾಕಬೇಕಾದ್ದು ಈ ಅಳತೆ.

ಮೂರನೆಯದು ಟೋನರ್‌ನ ಸೂಜಿತೂತು. ಫಲಕದ ಬಹುಭಾಗ ಟೋನರ್ ಮುಚ್ಚಿರೋದರಿಂದ ಎಲ್ಲೋ ಒಂದೆರಡು ಕಡೆ ಬಿಟ್ಟಿರುತ್ತೆ, ಒಂದು ಗಂಟೆಯಲ್ಲಿ ಅದು ಕಪ್ಪು ಚುಕ್ಕೆಯಾಗುತ್ತೆ. ನಮ್ಮ ಲಿಪಿಯಲ್ಲಿ ತಪ್ಪು ಜಾಗದ ಚುಕ್ಕೆ ಅಕ್ಷರವನ್ನೇ ಬದಲಿಸಬಹುದು. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಹೊಳೆಯೋ ಚುಕ್ಕೆಗಳು ಕಾಣುತ್ತವೆ, ಅಲ್ಲೆಲ್ಲ ನೇಲ್ ಪಾಲಿಶ್ ಹಚ್ಚಿ. ಹಿಂಭಾಗ, ಅಂಚುಗಳಿಗೆ ಪ್ಯಾಕಿಂಗ್ ಟೇಪ್. ಫಲಕವನ್ನು ಮುಖ ಕೆಳಗೆ ಮಾಡಿ ತೇಲಿಸಿದ ಹಾಗೆ ಹಿಡಿದರೆ ಕೊರೆದ ಕೆಸರು ಗೆರೆಯೊಳಗೆ ಕೂರದೆ ಕೆಳಗೆ ಬೀಳುತ್ತೆ. ತಟ್ಟೆ ಪ್ಲಾಸ್ಟಿಕ್ ಅಥವಾ ಗಾಜಿನದೇ ಇರಬೇಕು, ಅಲ್ಯೂಮಿನಿಯಂ ಪಾತ್ರೆಯನ್ನು ಫೆರಿಕ್ ಕ್ಲೋರೈಡ್ ತಿಂದು ಕುದಿಸಿಬಿಡುತ್ತೆ. ಕೈಗವಸು, ಕನ್ನಡಕ ಬೇಕೇ ಬೇಕು.

ಕೊರೆದು ತೊಳೆದ ಮೇಲೆ ಕಪ್ಪು ಎನಾಮಲ್ ತುಂಬಿ, ಒಣಗಿದ ಮೇಲೆ ಚಪ್ಪಟೆ ಮರದ ತುಂಡಿಗೆ ಸುತ್ತಿದ ನುಣ್ಣನೆ ಮರಳು ಕಾಗದದಿಂದ ಮೇಲ್ಮೈ ಉಜ್ಜಿ. ಬರೀ ಬೆರಳಲ್ಲಿ ಉಜ್ಜಿದರೆ ಗೆರೆಯೊಳಗಿನ ಬಣ್ಣವೂ ಬರುತ್ತೆ. ಕೊನೆಗೆ ಲ್ಯಾಕರ್. ಮೊಳೆ ತೂತು ಸ್ಕ್ರೂಗಿಂತ ಒಂದು ಮಿಮೀ ದೊಡ್ಡದಿರಲಿ. ಬಿಸಿಲಿಗೂ ತಂಪಿಗೂ ನಡುವೆ ಫಲಕದ ಉಷ್ಣತೆ 40 ಡಿಗ್ರಿ ಬದಲಾದರೆ 291 ಮಿಮೀ ಹಿತ್ತಾಳೆ ಸುಮಾರು 0.2 ಮಿಮೀ ಹಿಗ್ಗುತ್ತೆ, ಬಿಗಿಯಾಗಿ ಹಿಡಿದರೆ ನಡುವೆ ಉಬ್ಬುತ್ತೆ.

ಉಳಿದ ದ್ರಾವಣ ಹಸಿರಾಗಿದ್ದರೆ ಅದರಲ್ಲಿ ತಾಮ್ರ ಇದೆ ಅಂತ ಅರ್ಥ, ಅದನ್ನು ಸಿಂಕಿಗೆ ಸುರಿಯೋ ಹಾಗಿಲ್ಲ. ನೊರೆ ಬರೋದು ನಿಲ್ಲೋವರೆಗೆ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ತಳಕ್ಕೆ ಕೂತ ಕೆಸರನ್ನು ಡಬ್ಬಿಯಲ್ಲಿ ತುಂಬಿ ಕೆಮಿಸ್ಟ್ರಿ ಲ್ಯಾಬ್‌ಗೆ ಕೊಡಿ.

ಒಟ್ಟಿನಲ್ಲಿ ಅಳತೆ ಪಟ್ಟಿ ಇಷ್ಟು: 1.6 ಮಿಮೀ ದಪ್ಪದ ಹಿತ್ತಾಳೆ, 291 × 150 ಮಿಮೀ. ಮೇಲಿನ ಸಾಲು ಚೀಕಲಪರ್ವಿ, 36 ಮಿಮೀ, ಒಂದೇ ದಪ್ಪದ ಗೆರೆ. ಕೆಳಗಿನ ಸಾಲು 9-4-27, 45 ಮಿಮೀ. ಆಳ 0.3, ಒಳಗೆ ಸರಿಸೋದು ನಿಮ್ಮ ಪರೀಕ್ಷಾ ತುಂಡು ಹೇಳಿದಷ್ಟು. ನಿಮ್ಮ ಮನೆ ಹೆಸರು ಬೇರೆ ಆಗಿದ್ದರೆ ಮೊದಲು ಮಾಡಬೇಕಾದ್ದು ಫಾಂಟ್ ಹುಡುಕೋದಲ್ಲ. ಆ ಹೆಸರಿನಲ್ಲಿ ಅತಿ ಇಕ್ಕಟ್ಟಾದ ಸಂದು ಯಾವ ಅಕ್ಷರದಲ್ಲಿದೆ ಅಂತ ಹುಡುಕಿ, ಉಳಿದ ಅಳತೆಗಳೆಲ್ಲ ಅಲ್ಲಿಂದಲೇ ಬರುತ್ತವೆ.